ಹಸಿ ಪ್ರೆಸ್‌ಮಡ್ ಬೇಡ, ಮಾಗಿಸಿ ಕೊಡಿ

ಒಂದು ಎಕರೆಯಲ್ಲಿ 40 ಟನ್ ಕಬ್ಬು ಬೆಳೆದು ಕಾರ್ಖಾನೆಗೆ ಕಳಿಸಿದೆವು ಅಂತಿಟ್ಟುಕೊಳ್ಳೋಣ. ಅದರಿಂದ ಸಕ್ಕರೆ ಸುಮಾರು 4 ಟನ್ ಆಗುತ್ತದೆ. ಹಿಂಡಿದ ಸಿಪ್ಪೆ, ಅಂದರೆ ಬಗ್ಯಾಸ್, 12 ಟನ್ ಆಸುಪಾಸು. ಅದನ್ನು ಬಾಯ್ಲರಿನಲ್ಲಿ ಉರಿಸಿ ಕರೆಂಟ್ ಮಾಡುತ್ತಾರೆ. ಕಾಕಂಬಿ ಒಂದೂವರೆ ಟನ್ ಮೇಲೆ ಬರುತ್ತದೆ, ಅದು ಎಥೆನಾಲ್ ಆಗಿ ಪೆಟ್ರೋಲಿಗೆ ಸೇರುತ್ತದೆ. ಕಬ್ಬಿನ ಹಾಲು ಸೋಸಿದಾಗ ಉಳಿಯುವ ಕಪ್ಪು ಮಡ್ಡಿಯೇ ಪ್ರೆಸ್‌ಮಡ್. ಅದೂ ಒಂದೂವರೆ ಟನ್ ಹತ್ತಿರ. ಈ ಮೂರರಲ್ಲಿ ನಮ್ಮ ಹೊಲಕ್ಕೆ ಗೊಬ್ಬರವಾಗಿ ವಾಪಸ್ ಬರುವುದು ಪ್ರೆಸ್‌ಮಡ್ ಒಂದೇ. ಅದನ್ನೂ ಹಸಿಯಾಗಿಯೇ ನಮಗೆ ಮಾರುತ್ತಾರೆ ಅನ್ನುವುದು ನಮ್ಮ ತಕರಾರು.

ಹಸಿ ಪ್ರೆಸ್‌ಮಡ್‌ನಲ್ಲಿ ನೂರಕ್ಕೆ 70 ಭಾಗ ನೀರೇ ಇರುತ್ತದೆ. 10 ಟನ್ ತಂದರೆ 7 ಟನ್ ನೀರಿಗೆ ನಾವು ದುಡ್ಡು ಕೊಟ್ಟು, ಟ್ರ್ಯಾಕ್ಟರ್ ಬಾಡಿಗೆಯನ್ನೂ ಕೊಡುತ್ತೇವೆ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಭಾಗದ ರೈತರೊಬ್ಬರು ಹಸಿ ಮಡ್ಡಿಯನ್ನೇ ಸಾಲಿಗೆ ಹಾಕಿ, ಮೂರೇ ದಿನಕ್ಕೆ ಕಬ್ಬು ನಾಟಿ ಮಾಡಿದ್ದರು. ಹದಿನೈದು ದಿನ ಬಿಟ್ಟು ಕೆದಕಿ ನೋಡಿದರೆ ಬೀಜದ ಕಣ್ಣುಗಳು ಕಪ್ಪಾಗಿದ್ದವು. ಮಡ್ಡಿಯಲ್ಲಿ ಉಳಿದ ಸಕ್ಕರೆ ಅಂಶ ಕೊಳೆಯುವಾಗ ಬಿಸಿ ಏಳುತ್ತದೆ. ದೊಡ್ಡ ರಾಶಿಯಲ್ಲಿ ಅದು 60 ಡಿಗ್ರಿ ದಾಟುವುದುಂಟು. ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುವುದರಿಂದ ಹುಟ್ಟಿದ ಪೈರೂ ಹಳದಿಯಾಗುತ್ತದೆ.

ಮಾಗಿಸುವುದು ಕಾರ್ಖಾನೆಗೆ ಗೊತ್ತಿಲ್ಲದ ಕೆಲಸವಲ್ಲ. ಡಿಸ್ಟಿಲರಿ ಇರುವ ಎಷ್ಟೋ ಕಡೆ ಪ್ರೆಸ್‌ಮಡ್ಡನ್ನು ಉದ್ದ ಸಾಲು ಹಾಕಿ, ಡಿಸ್ಟಿಲರಿಯ ಕಂದು ನೀರು ಸಿಂಪಡಿಸಿ, ಯಂತ್ರದಿಂದ ತಿರುವಿ ಹಾಕಿ ಎರಡು ತಿಂಗಳು ಬಿಡುತ್ತಾರೆ. ಆದರೆ ನೆಲ ಕಾಂಕ್ರೀಟಿನದ್ದಾಗಿರಬೇಕು, ನೀರು ಹದದಲ್ಲಿರಬೇಕು. ಗೊಬ್ಬರ ಹೀರುವುದಕ್ಕಿಂತ ಹೆಚ್ಚು ಸುರಿದರೆ ಅದು ಇಂಗಿ ಪಕ್ಕದ ಬಾವಿಯ ನೀರು ಕಂದಾಗುತ್ತದೆ. ಮಳೆಗಾಲದಲ್ಲಿ ಬಯಲಿನಲ್ಲಿ ಈ ಕೆಲಸ ಮಾಡಲೇಬಾರದು.

ಕೊಳ್ಳುವ ಮೊದಲು ನಾವೇ ಪರೀಕ್ಷೆ ಮಾಡಬಹುದು. ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ. ಬಿಸಿ ಇದ್ದರೆ ಇನ್ನೂ ಮಾಗಿಲ್ಲ. ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ನಾತ ಬಂದರೆ ಬೇಡ. ಹಸಿಯದೇ ಸಿಕ್ಕಿದರೆ ಹೊಲದ ಬದಿಗೆ ರಾಶಿ ಹಾಕಿ, ಸಗಣಿ ನೀರು ಚಿಮುಕಿಸಿ, ಹತ್ತು ದಿನಕ್ಕೊಮ್ಮೆ ತಿರುವುತ್ತಾ ಎರಡು ತಿಂಗಳು ಕಾಯಿರಿ.

ಆದರೆ ಆ ಕೂಲಿ ನಮ್ಮ ತಲೆಗೇ ಯಾಕೆ? ಬಗ್ಯಾಸ್, ಕಾಕಂಬಿಗಳನ್ನು ಸರಕು ಮಾಡುವ ಕಾರ್ಖಾನೆ ಪ್ರೆಸ್‌ಮಡ್ಡನ್ನೂ ಮಾಗಿಸಿಯೇ ಕೊಡಲಿ. ತೂಕದ ಚೀಟಿಯಲ್ಲಿ ತೇವಾಂಶ ಎಷ್ಟೆಂದು ಬರೆಯಲಿ. ಮುಂದಿನ ಹಂಗಾಮಿನ ಸಭೆಯಲ್ಲಿ ಕಬ್ಬಿನ ದರದ ಜೊತೆ ಈ ಎರಡು ಮಾತನ್ನೂ ನಾವು ಕೇಳೋಣ.