ಸೇಲ್ ಜಾಸ್ತಿ, ದುಡ್ಡು ಕಮ್ಮಿ: ಗಲ್ಲಾಪೆಟ್ಟಿಗೆಯ ಲೆಕ್ಕ

"ಅಕ್ಕಾ, ಮಾರ್ಚ್‌ಗಿಂತ ಏಪ್ರಿಲ್‌ನಲ್ಲಿ ಸೇಲ್ ಜಾಸ್ತಿ ಆಗಿದೆ. ಆದ್ರೂ ಬಾಡಿಗೆ ಕಟ್ಟೋಕೆ ಕೈಯಿಂದ ಹಾಕ್ಬೇಕಾಯ್ತಲ್ಲ!" ಮೈಸೂರಲ್ಲಿ ಪುಟ್ಟ ಕಾಫಿ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪನ ಮಗನ ಗೋಳಿದು. ಹುಡುಗರು ಕದೀತಿದ್ದಾರಾ ಅಂತ ಅವನಿಗೆ ಅನುಮಾನ. ನನಗೆ ಅನುಮಾನ ಬಂದಿದ್ದು ಫ್ರಿಡ್ಜ್ ಮೇಲೆ.

ಅವನು ಮುಖ್ಯವಾಗಿ ಮಾರೋದು ಮೂರೇ ಐಟಂ. ಕಾಫಿ 20 ರೂಪಾಯಿ. ಹಾಲು, ಪುಡಿ, ಸಕ್ಕರೆ, ಗ್ಯಾಸ್ ಕಳೆದರೆ 12 ಉಳಿಯುತ್ತೆ. ಖಾರಾ ಬನ್ 25. ಬೇಕರಿಯವರಿಗೆ ಕೊಟ್ಟು ಉಳಿಯೋದು 6. ಕೂಲ್‌ಡ್ರಿಂಕ್ ಬಾಟಲಿ 20. ಉಳಿಯೋದು ಬರೀ 3. ಹೀಗೆ ಪ್ರತಿ ಐಟಂನಿಂದ ಉಳಿಯುವ ಹಣಕ್ಕೆ ಕಾಂಟ್ರಿಬ್ಯೂಷನ್ ಅಂತಾರೆ. ಬಾಡಿಗೆ, ಸಂಬಳ, ಕರೆಂಟು ಸೇರಿ ತಿಂಗಳ ಖಾಯಂ ಖರ್ಚು 84,000. ಅದು ಇದರಿಂದಲೇ ಹೊರಡಬೇಕು.

ಇಲ್ಲಿ ಎಷ್ಟೋ ಜನ 12, 6, 3 ಕೂಡಿಸಿ ಮೂರರಿಂದ ಭಾಗಿಸಿ, ಸರಾಸರಿ 7 ಅಂದುಬಿಡ್ತಾರೆ. ಮೂರೂ ಸಮಸಮವಾಗಿ ಮಾರಿದರೆ ಮಾತ್ರ ಅದು ಸರಿ. ಮಾರ್ಚ್‌ನ ಬಿಲ್ ಎಣಿಸಿದಾಗ ಪ್ರತಿ 10 ಐಟಂನಲ್ಲಿ 5 ಕಾಫಿ, 3 ಬನ್, 2 ಬಾಟಲಿ ಇದ್ದವು. ಇದೇ ಸೇಲ್ಸ್ ಮಿಕ್ಸ್. ಆ ಹತ್ತರಿಂದ ಉಳಿದದ್ದು 60, 18, 6, ಒಟ್ಟು 84 ರೂಪಾಯಿ. ಅಂದ್ರೆ ಐಟಂಗೆ 8.40. ಖರ್ಚಿನ 84,000ವನ್ನು ಇದರಿಂದ ಭಾಗಿಸಿದರೆ 10,000 ಐಟಂ. ಅದೇ ಬ್ರೇಕ್-ಈವನ್. ಮಾರ್ಚ್‌ನಲ್ಲಿ 10,500 ಮಾರಿದ್ದ, 4,200 ಲಾಭ.

ಏಪ್ರಿಲ್ ಬಿಸಿಲಿಗೆ ಮಿಕ್ಸ್ ತಿರುಗಿಬಿತ್ತು: 3 ಕಾಫಿ, 2 ಬನ್, 5 ಬಾಟಲಿ. ಈಗ ಹತ್ತರಿಂದ ಉಳಿಯೋದು 63, ಐಟಂಗೆ 6.30. ಬ್ರೇಕ್-ಈವನ್ 13,300 ದಾಟಿತು. ಅವನು ಮಾರಿದ್ದು 11,000. ಗಲ್ಲಾಪೆಟ್ಟಿಗೆಗೆ ಮಾರ್ಚ್‌ಗಿಂತ 5,250 ರೂಪಾಯಿ ಜಾಸ್ತಿ ಬಂತು, ಕೊನೆಗೆ ನಷ್ಟ 14,700! ಪಾಪ, ಹುಡುಗರ ತಪ್ಪೇನೂ ಇರಲಿಲ್ಲ.

ನಿಮ್ಮ ಅಂಗಡಿಯಲ್ಲಿ ಅರವತ್ತು ಐಟಂ ಇದ್ದರೆ ಒಂದೊಂದನ್ನೂ ಎಣಿಸೋದು ಕಷ್ಟ. ಆಗ ರೂಪಾಯಿ ಲೆಕ್ಕ ಹಿಡಿಯಿರಿ. ಇವನಿಗೆ ಮಾರ್ಚ್‌ನಲ್ಲಿ 100 ರೂಪಾಯಿ ಸೇಲ್‌ಗೆ ಸುಮಾರು 39 ಉಳಿದಿತ್ತು, ಏಪ್ರಿಲ್‌ನಲ್ಲಿ 30. ಈ ಸಂಖ್ಯೆ ಇಳಿದರೆ, ರೇಟು ಮತ್ತು ಖರೀದಿ ಬೆಲೆ ಬದಲಾಗಿಲ್ಲ ಅಂದ್ರೆ, ಮಿಕ್ಸ್ ಬದಲಾಗಿದೆ ಅಂತಲೇ ಅರ್ಥ.

ಹಾಗಂತ ಬಾಟಲಿ ನಿಲ್ಲಿಸಿಬಿಡೋ ಹಾಗೂ ಇಲ್ಲ. ತಣ್ಣಗೆ ಕುಡಿಯೋಕೆ ಬಂದವರೇ ಬನ್ನೂ ತಿಂತಾರೆ. ಅವರು ಬರದಿದ್ದರೆ ಅದೂ ಹೋಯ್ತು. ಈ ಫಾರ್ಮುಲಾ ಅದನ್ನೆಲ್ಲ ಹೇಳಲ್ಲ, ಮಿಕ್ಸ್ ಹೀಗೇ ಇರುತ್ತೆ ಅಂದುಕೊಂಡೇ ಲೆಕ್ಕ ಹಾಕುತ್ತೆ.

ಮೇನಲ್ಲಿ ಅವನು ಮಸಾಲೆ ಮಜ್ಜಿಗೆ ಶುರು ಮಾಡಿದ. ಲೋಟಕ್ಕೆ 15, ಖರ್ಚು 5, ಉಳಿಯೋದು 10. ಐದು ಬಾಟಲಿ ಗಿರಾಕಿಗಳಲ್ಲಿ ಮೂವರು ಮಜ್ಜಿಗೆಗೆ ತಿರುಗಿದರೂ ಹತ್ತು ಐಟಂಗೆ ಮತ್ತೆ 84 ರೂಪಾಯಿ, ಬ್ರೇಕ್-ಈವನ್ ಮತ್ತೆ 10,000. ಸಂಜೆ ಉಳಿದ ಮಜ್ಜಿಗೆ ಚೆಲ್ಲಬೇಕಲ್ಲ, ಅದನ್ನೂ ಸೇರಿಸು ಅಂದೆ. ಐದು ಲೋಟದಲ್ಲಿ ಒಂದು ಹಾಳಾದರೂ ಮಾರಿದ ಲೋಟಕ್ಕೆ 8.75 ಉಳಿಯುತ್ತೆ, ಬಾಟಲಿಯ 3 ರೂಪಾಯಿಗಿಂತ ಎಷ್ಟೋ ವಾಸಿ.