ಮಾರಿದ್ರೋ, ಮಾರಿಬಿಟ್ರೋ?

ಸೊರಬ–ಶಿಕಾರಿಪುರ ಸೀಮೆಯ ಹೊಸಬಾಳೆ ಕಡೆ ಅಡಿಕೆ ಸುಗ್ಗಿಯ ಮಾತು ಶುರುವಾದರೆ ಕ್ರಿಯಾಪದಗಳು ಸಾಲುಗಟ್ಟಿ ಬರುತ್ತವೆ: ‘ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಾರಿದ್ವಿ.’ ಐದು ಕೆಲಸ, ಐದು ಕ್ರಿಯಾಪದ. ಯಾವಾಗ, ಯಾರು ಎಂಬುದನ್ನು ಕೊನೆಯದೊಂದೇ ಹೇಳುತ್ತದೆ. ಬೇಕಾದರೆ ನಡುವೆ ಮಾತು ಸೇರಿಸಬಹುದು: ‘ಒಣಗಿಸಿ, ಪೇಟೆಗೆ ಒಯ್ದು ಮಾರಿದ್ವಿ.’

‘ರೇಟು ಬೀಳ್ತದೆ ಅಂತ ಮಾರಿಬಿಟ್ವಿ’ ಎಂದಾಗ ಹಾಗಲ್ಲ. ಕ್ರಿಯಾಪದ ಎರಡು, ಕೆಲಸ ಒಂದೇ. ಯಾರೂ ಏನನ್ನೂ ಬಿಟ್ಟಿಲ್ಲ. ‘ಮಾರಿ’ಗೂ ‘ಬಿಟ್ವಿ’ಗೂ ನಡುವೆ ‘ಪೇಟೆಯಲ್ಲಿ’ ಎಂದು ತುರುಕಿದರೆ ವಾಕ್ಯ ಕೆಡುತ್ತದೆ. ಇಲ್ಲಿ ‘ಬಿಡು’ ತನ್ನ ಅರ್ಥ ಕಳೆದುಕೊಂಡು, ಕೆಲಸ ಮುಗಿಯಿತು, ಇನ್ನು ಹಿಂದಕ್ಕೆ ಬರುವುದಿಲ್ಲ ಎಂದು ಸೂಚಿಸುತ್ತದೆ. ಮಾರಿದ ಮೇಲೆ ರೇಟು ಏರಿದ್ದರೆ ಅದು ಪಶ್ಚಾತ್ತಾಪ, ಇಳಿದಿದ್ದರೆ ನಿರಾಳ.

ಜೊತೆಗಾರ ಪದ ಬದಲಾದರೆ ಮಾತಿನ ಧೋರಣೆಯೂ ಬದಲಾಗುತ್ತದೆ. ‘ಮಾರಿಕೊಟ್ಟೆ’ ಎಂದರೆ ಮತ್ತೊಬ್ಬರಿಗಾಗಿ ಮಾಡಿದ್ದು. ‘ಮಾರಿಕೊಂಡೆ’ ಎಂದರೆ ತನ್ನ ಪಾಲಿಗೆ ಮಾಡಿದ್ದು. ‘ಮಾರಿಹಾಕಿದ’ ಎನ್ನುವಾಗ ಹೇಳುವವರಿಗೆ ಆ ಮಾರಾಟ ಹಿಡಿಸಿಲ್ಲ. ಆದರೆ ‘ಮಾರಿಟ್ಟೆ’ ಎಂದು ಯಾರೂ ಅನ್ನುವುದಿಲ್ಲ. ‘ಇಡು’ ಮುಂದಿನ ಉಪಯೋಗಕ್ಕೆ ಉಳಿಸಿದ್ದನ್ನು ಹೇಳುವ ಪದ. ಒಣಗಿಸಿಡಬಹುದು, ಮಾರಿದ ಮೇಲೆ ಇಡಲು ಏನೂ ಉಳಿಯುವುದಿಲ್ಲ.

ಇವುಗಳ ಸ್ವಭಾವ ಒಂದೇ ಅಲ್ಲವೆಂಬುದು ‘ಇಲ್ಲ’ ಸೇರಿಸಿದಾಗ ಗೊತ್ತಾಗುತ್ತದೆ. ‘ಅವನಿಗೆ ಮಾರಿಕೊಡಲಿಲ್ಲ’ ಸಲೀಸಾದ ವಾಕ್ಯ. ಯಾರಿಗಾಗಿ ಎಂಬುದು ಕೆಲಸದ್ದೇ ಭಾಗ. ‘ಮಾರಿಬಿಡಲಿಲ್ಲ’ ಎಂಬುದು ಹಾಗೆ ಸುಮ್ಮನೆ ಬಾಯಿಗೆ ಬರುವುದಿಲ್ಲ. ನಡೆಯದ ಕೆಲಸಕ್ಕೆ ಮುಕ್ತಾಯ ಎಲ್ಲಿಂದ ಬರಬೇಕು? ಮಾರಿಯೇಬಿಡುತ್ತಾರೇನೋ ಎಂಬ ಭಯ ಮೊದಲೇ ಇದ್ದಾಗ ಮಾತ್ರ ‘ಸದ್ಯ, ತೋಟ ಮಾರಿಬಿಡಲಿಲ್ಲ’ ಎನ್ನುತ್ತೇವೆ. ಆಗ ನಿರಾಕರಣೆಯಾಗುವುದು ಆ ಭಯ.

ಈ ಜಾಣ್ಮೆ ಕನ್ನಡಕ್ಕಷ್ಟೇ ಸೇರಿದ್ದಲ್ಲ. ತಮಿಳರ ‘ವಿಟ್ರುವಿಟ್ಟೇನ್’ನಲ್ಲಿರುವುದು ನಮ್ಮ ‘ಬಿಡು’ವಿನ ಒಡಹುಟ್ಟು. ಬೇರೆ ಕುಲದ ಹಿಂದಿಯಲ್ಲೂ ‘ಬೇಚ್ ಡಾಲಾ’ ಎನ್ನುತ್ತಾರೆ. ‘ಡಾಲ್‌ನಾ’ ಎಂದರೆ ಹಾಕುವುದು, ನಮ್ಮ ‘ಮಾರಿಹಾಕು’ವಿನ ಹಾಗೆ. ಎಂ. ಬಿ. ಎಮೆನೊ 1956ರಲ್ಲಿ ಭಾರತವನ್ನು ಒಂದು ಭಾಷಾವಲಯವಾಗಿ ಕಂಡರು. ಕಾಲಿನ್ ಮಸಿಕಾ 1976ರ ತಮ್ಮ ಪುಸ್ತಕದಲ್ಲಿ ಆ ವಲಯದ ಗುರುತುಗಳನ್ನು ಚರ್ಚಿಸುವಾಗ ಇಂಥ ಜೋಡಿ ಕ್ರಿಯಾಪದಗಳನ್ನೂ ಎತ್ತಿಕೊಂಡರು.

ಬರಹ ತಿದ್ದುವವರು ‘ಮಾರಿಬಿಟ್ಟರು’ ಎಂಬುದನ್ನು ‘ಮಾರಿದರು’ ಎಂದು ಚೊಕ್ಕ ಮಾಡುವುದುಂಟು. ಸುದ್ದಿಗೆ ಅದು ಸಾಕಾಗಬಹುದು. ಕಥೆ, ಆತ್ಮಕಥನಗಳಲ್ಲಿ ಹಾಗೆ ಮಾಡಿದರೆ ಘಟನೆ ಉಳಿದು, ಅದನ್ನು ಕಂಡವರ ಮನಸ್ಸು ಅಳಿಸಿಹೋಗುತ್ತದೆ. ಈ ಪತ್ರಿಕೆಗೆ ಬರೆಯುವವರು ತಮ್ಮ ಊರಿನ ಬಾಯಲ್ಲಿರುವ ಈ ಪದಗಳನ್ನು ಹಾಗೆಯೇ ಉಳಿಸಿ ಕಳಿಸಲಿ. ನಾವು ತೆಗೆಯುವುದಿಲ್ಲ.