ಗಿರಾಕಿಯ ದೂರು, ಕಾವಲಿಯ ವಿವರ

ಅಂಗಡಿಯಲ್ಲಿ ಕಾವಲಿ ಕೊಳ್ಳುವವರು ಅದನ್ನು ಎತ್ತಿ ನೋಡುತ್ತಾರೆ, ಬೆರಳಿನಿಂದ ತಟ್ಟುತ್ತಾರೆ, ಅಡಿಯನ್ನು ತಿರುಗಿಸಿ ಪರೀಕ್ಷಿಸುತ್ತಾರೆ. ಅಂತರ್ಜಾಲದ ಅಂಗಡಿಯಲ್ಲಿ ಈ ಕೆಲಸವನ್ನೆಲ್ಲ ಸರಕಿನ ಕೆಳಗಿನ ನಾಲ್ಕಾರು ಸಾಲಿನ ವಿವರವೇ ಮಾಡಬೇಕು. ಆ ಸಾಲುಗಳನ್ನು ಬರೆಯುವವರು ಸರಕನ್ನು ಹತ್ತಿರದಿಂದ ಬಲ್ಲವರು. ಆದ್ದರಿಂದಲೇ ಕೊಳ್ಳುವವರಿಗೆ ಏನು ತಿಳಿಯದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಅದನ್ನು ಹೇಳಿಕೊಡುವವರು ಗಿರಾಕಿಗಳು. ಸರಕು ಕೊಳ್ಳುವ ಮೊದಲು ಅವರು ಕೇಳುವ ಪ್ರಶ್ನೆ, ಕೊಂಡ ಮೇಲೆ ಬರೆಯುವ ಅಭಿಪ್ರಾಯ ಎರಡೂ ವಿವರವನ್ನು ತಿದ್ದಲು ಒದಗುವ ಸಾಮಗ್ರಿ.

ಬೀಡು ಕಬ್ಬಿಣದ ದೋಸೆ ಕಾವಲಿಯೊಂದು ಮಾರಾಟಕ್ಕಿದೆ ಎಂದು ಭಾವಿಸಿ. ಅದರ ವಿವರ ಹೀಗಿದೆ: ‘ಉತ್ತಮ ಗುಣಮಟ್ಟದ 12 ಇಂಚಿನ ಕಾವಲಿ. ಅಂಟುವುದಿಲ್ಲ. ಎಲ್ಲ ಬಗೆಯ ಒಲೆಗೂ ಸೂಕ್ತ. ಆರೋಗ್ಯಕ್ಕೆ ಹಿತಕರ.’ ಮಾರಾಟ ಪರವಾಗಿಲ್ಲ. ಆದರೆ ವಾಪಸು ಬರುವ ಕಾವಲಿಗಳೂ ಕಡಿಮೆಯಿಲ್ಲ. ಆರು ತಿಂಗಳಲ್ಲಿ 40 ಅಭಿಪ್ರಾಯ, 22 ಪ್ರಶ್ನೆಗಳು ಬಂದಿವೆ.

ಮೊದಲ ಕೆಲಸ ಎಣಿಕೆ. ಪ್ರತಿ ಅಭಿಪ್ರಾಯವನ್ನೂ ಓದಿ, ಅದರ ಮುಖ್ಯ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಗಿರಾಕಿಯ ಶಬ್ದಗಳಲ್ಲೇ ಬರೆದುಕೊಳ್ಳಬೇಕು. ಐದು ನಕ್ಷತ್ರದವು ಬರಿಯ ಮೆಚ್ಚುಗೆ, ಒಂದು ನಕ್ಷತ್ರದವು ಹೆಚ್ಚಾಗಿ ಸಿಟ್ಟು. ಎರಡು ಮೂರು ನಕ್ಷತ್ರ ಕೊಟ್ಟವರು ಇದು ಚೆನ್ನಾಗಿದೆ, ಆದರೆ ಇಂಥದ್ದು ಗೊತ್ತಿರಲಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಹೆಚ್ಚು ಉಪಯೋಗಕ್ಕೆ ಬರುವವು ಅವೇ. ಈ ಕಾವಲಿಯ ಲೆಕ್ಕ ಹೀಗೆ ಬಂತೆನ್ನಿ: ದೋಸೆ ಅಂಟುತ್ತದೆ ಎಂದವರು 9, ತುಕ್ಕು ಹಿಡಿಯಿತು ಎಂದವರು 7, ಎಣಿಸಿದ್ದಕ್ಕಿಂತ ಚಿಕ್ಕದು ಎಂದವರು 5, ತಡವಾಗಿ ಬಂತು ಎಂದವರು 4, ಒಡೆದು ಬಂತು ಎಂದವರು 3. ಉಳಿದ 12 ಮೆಚ್ಚುಗೆ. ಪ್ರಶ್ನೆಗಳಲ್ಲಿ 8 ಇಂಡಕ್ಷನ್ ಒಲೆಯ ಬಗ್ಗೆ, 5 ತೂಕದ ಬಗ್ಗೆ, 4 ಮೊದಲ ಸಲ ಹೇಗೆ ಬಳಸಬೇಕೆಂದು. ಮಿಕ್ಕವು ಚಿಲ್ಲರೆ.

ಎರಡನೆಯದು ವಿಂಗಡಣೆ. ಎಲ್ಲ ದೂರಿಗೂ ವಿವರವೇ ಮದ್ದಲ್ಲ. ಬೀಡು ಕಬ್ಬಿಣ ಗಟ್ಟಿಯಾದರೂ ಪೆಡಸು. ಕೆಳಗೆ ಬಿದ್ದರೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಆದ್ದರಿಂದ ಒಡೆದು ಬಂದ ಮೂರು ಕಾವಲಿಗಳಿಗೆ ಬೇಕಾದದ್ದು ದಪ್ಪನೆಯ ರಟ್ಟಿನ ಪೆಟ್ಟಿಗೆ. ತಡವಾದದ್ದು ಸಾಗಣೆಯ ಮಾತು. ಈ ಏಳನ್ನು ಬದಿಗಿಟ್ಟರೆ ಉಳಿದ 21 ದೂರುಗಳು ಎರಡು ಬಗೆಯವು: ವಿವರ ಹೇಳದೆ ಬಿಟ್ಟದ್ದರಿಂದ ಬಂದವು ಮತ್ತು ವಿವರ ಹೆಚ್ಚು ಹೇಳಿದ್ದರಿಂದ ಬಂದವು.

ಹೆಚ್ಚು ಹೇಳಿದ ಮಾತು ‘ಅಂಟುವುದಿಲ್ಲ’ ಎಂಬುದು. ಲೇಪನವಿರುವ ನಾನ್‌ಸ್ಟಿಕ್ ತವಾ ಬಳಸಿದವರು ಇದನ್ನು ಓದಿ ಮೊದಲ ದಿನವೇ ಗರಿಗರಿ ದೋಸೆ ಏಳುತ್ತದೆಂದು ನಂಬುತ್ತಾರೆ. ಬೀಡು ಕಬ್ಬಿಣಕ್ಕೆ ಆ ಗುಣ ಬರುವುದು ಪಳಗಿದ ಮೇಲೆ. ತೆಳುವಾಗಿ ಸವರಿದ ಎಣ್ಣೆ ಕಾದು ಕಾದು ಗಟ್ಟಿಯಾದ ಪದರವಾಗಿ ಕಬ್ಬಿಣಕ್ಕೆ ಅಂಟಿಕೊಳ್ಳಬೇಕು. ಹಾಗಾಗಿ ಆ ಸಾಲನ್ನು ತೆಗೆದು ಹೀಗೆ ಬರೆಯಬೇಕು: ‘ಎಣ್ಣೆ ಹಾಕಿ ಪಳಗಿಸಿ ಕಳಿಸಲಾಗಿದೆ. ಮೊದಲ ಕೆಲವು ದೋಸೆ ಅಂಟಬಹುದು, ಬಳಸಿದಂತೆ ಸಲೀಸಾಗಿ ಏಳುತ್ತವೆ. ನಾನ್‌ಸ್ಟಿಕ್ ಲೇಪನವಿಲ್ಲ.’ ಇದನ್ನು ಓದಿ ಕೆಲವರು ಕೊಳ್ಳದೆ ಹೋಗಬಹುದು. ಅವರು ಹೆಚ್ಚುಪಾಲು ಕೊಂಡು ಹಿಂದಿರುಗಿಸುತ್ತಿದ್ದವರೇ.

ಹೇಳದೆ ಬಿಟ್ಟದ್ದು ತುಕ್ಕಿನ ಮಾತು. ಕಾವಲಿಯನ್ನು ತೊಳೆದು ಒದ್ದೆಯಾಗಿಯೇ ಬಿಟ್ಟರೆ ಬೆಳಗಾಗುವುದರಲ್ಲಿ ಕೆಂಪು ಬಣ್ಣ ಕಾಣಿಸುತ್ತದೆ. ಅದು ಸರಕಿನ ದೋಷವಲ್ಲ, ಲೋಹದ ಸ್ವಭಾವ. ‘ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಿ. ತುಕ್ಕು ಕಂಡರೆ ಉಜ್ಜಿ ತೆಗೆದು ಮತ್ತೆ ಪಳಗಿಸಬಹುದು’ ಎಂಬ ಎರಡು ವಾಕ್ಯ ಸಾಕು.

ಅಳತೆಯ ದೂರಿನಲ್ಲಿ ಮಾರಿದವರೂ ಸುಳ್ಳು ಹೇಳಿಲ್ಲ, ಕೊಂಡವರೂ ಹೇಳಿಲ್ಲ. 12 ಇಂಚು ಎಂಬುದು ಅಂಚಿನಿಂದ ಅಂಚಿಗೆ ಇರುವ ಅಳತೆ. ಗಿರಾಕಿ ಅಳೆದದ್ದು ಹಿಟ್ಟು ಹುಯ್ಯುವ ಸಮತಟ್ಟು ಭಾಗವನ್ನು. ಎರಡನ್ನೂ ಬರೆದರೆ ತಕರಾರು ಮುಗಿಯಿತು: ‘ಅಂಚಿನಿಂದ ಅಂಚಿಗೆ 30 ಸೆಂ.ಮೀ., ಸಮತಟ್ಟು ಭಾಗ 26 ಸೆಂ.ಮೀ., ತೂಕ 3.2 ಕೆ.ಜಿ.’ ತೂಕ ಕೇಳಿದ ಐವರಿಗೂ ಇಲ್ಲೇ ಉತ್ತರ ಸಿಕ್ಕಿತು.

‘ಎಲ್ಲ ಬಗೆಯ ಒಲೆಗೂ’ ಎಂದು ಬರೆದಿದ್ದರೂ ಎಂಟು ಮಂದಿ ಇಂಡಕ್ಷನ್ ಬಗ್ಗೆ ಕೇಳಿದ್ದಾರೆ. ಸಾಲು ಇದ್ದೂ ಜನ ಕೇಳುತ್ತಾರೆಂದರೆ, ಒಂದೋ ಅದು ಕಣ್ಣಿಗೆ ಬೀಳುತ್ತಿಲ್ಲ, ಇಲ್ಲವೇ ನಂಬಿಕೆ ಹುಟ್ಟಿಸುತ್ತಿಲ್ಲ. ಬೀಡು ಕಬ್ಬಿಣ ಇಂಡಕ್ಷನ್ ಒಲೆಯಲ್ಲಿ ಕಾಯುತ್ತದೆ, ಆದರೆ ಅಡಿ ಚಪ್ಪಟೆಯಾಗಿರಬೇಕು. ಉತ್ತರ ಬರೆಯುವ ಮೊದಲು ಕಾವಲಿಯನ್ನು ಸಮನಾದ ಕಲ್ಲಿನ ಮೇಲಿಟ್ಟು ಅಂಚನ್ನು ಒತ್ತಿ ನೋಡಬೇಕು. ಅಲುಗಾಡಿದರೆ ಅಡಿ ಉಬ್ಬಿದೆ ಎಂದರ್ಥ. ಆಮೇಲೆ ಒಲೆಯ ಮೇಲೆ ಕಾಯಿಸಿಯೇ ನೋಡಿ, ‘ಚಪ್ಪಟೆ ಅಡಿ, ಗ್ಯಾಸ್ ಮತ್ತು ಇಂಡಕ್ಷನ್ ಎರಡಕ್ಕೂ ಆಗುತ್ತದೆ, ಸಣ್ಣ ಉರಿಯಿಂದ ಆರಂಭಿಸಿ’ ಎಂದು ಬರೆಯಬಹುದು. ಬಹು ಮಂದಿ ಕೇಳಿದ ಪ್ರಶ್ನೆಯಾದ್ದರಿಂದ ಇದು ಮೊದಲ ಸಾಲಿನಲ್ಲೇ ಬರಬೇಕು. ‘ಉತ್ತಮ ಗುಣಮಟ್ಟ’ವನ್ನು ಯಾರೂ ಕೇಳಿಲ್ಲ. ಅದು ಜಾಗ ಬಿಡಲಿ.

ಗಿರಾಕಿಗಳ ಮಾತಿನಿಂದ ಇನ್ನೊಂದು ಲಾಭವಿದೆ. ಇದನ್ನು ಒಬ್ಬರು ಕಾವಲಿ ಎನ್ನುತ್ತಾರೆ, ಇನ್ನೊಬ್ಬರು ತವಾ, ಮತ್ತೊಬ್ಬರು ಹೆಂಚು, ತಮಿಳರು ದೋಸೆಕಲ್ಲು. ಜನ ಹುಡುಕುವುದೂ ಇದೇ ಹೆಸರುಗಳಿಂದ. ಎಲ್ಲವನ್ನೂ ಶೀರ್ಷಿಕೆಗೆ ತುರುಕಿದರೆ ಓದಲು ಅಸಹ್ಯ. ಅಮೆಜಾನ್‌ನಂಥ ತಾಣಗಳಲ್ಲಿ ಹುಡುಕುಪದಗಳಿಗೆ ಗಿರಾಕಿಯ ಕಣ್ಣಿಗೆ ಕಾಣದ ಬೇರೆಯೇ ಅಂಕಣವಿದೆ. ಅವು ಅಲ್ಲಿಗೆ ಸೇರಬೇಕು.

ತಿದ್ದಿದ ಫಲ ಗೊತ್ತಾಗಬೇಕಾದರೆ ಚಿತ್ರ, ಬೆಲೆ, ವಿವರ ಮೂರನ್ನೂ ಒಂದೇ ದಿನ ಬದಲಿಸಬಾರದು. ವಿವರ ಬದಲಿಸಿದ ದಿನಾಂಕ ಬರೆದಿಟ್ಟು, ಹಿಂದಿನ ಮತ್ತು ಮುಂದಿನ ನಾಲ್ಕು ವಾರಗಳಲ್ಲಿ ನೂರಕ್ಕೆ ಎಷ್ಟು ಕಾವಲಿ ವಾಪಸು ಬಂದವು, ಯಾವ ಕಾರಣಕ್ಕೆ ಎಂದು ಹೋಲಿಸಬೇಕು. ನಡುವೆ ದೀಪಾವಳಿಯ ರಿಯಾಯಿತಿ ಬಂದರೆ ಆ ಲೆಕ್ಕ ನಂಬುವಂತಿಲ್ಲ. ಅಂಟುವ ದೂರು ಇಳಿದು, ತುಕ್ಕಿನ ದೂರು ಹಾಗೇ ಉಳಿದರೆ, ತುಕ್ಕಿನ ಸಾಲನ್ನು ಜನ ಓದುತ್ತಿಲ್ಲ. ಅದನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಪೆಟ್ಟಿಗೆಯೊಳಗೆ ಇಡುವುದು ಮುಂದಿನ ಹೆಜ್ಜೆ.

ಕೆಲವು ಗೆರೆಗಳನ್ನು ದಾಟಬಾರದು. ಗಿರಾಕಿಯ ಹೊಗಳಿಕೆಯನ್ನು ವಿವರದಲ್ಲಿ ಉದ್ಧರಿಸಲು ಅಮೆಜಾನ್ ಬಿಡುವುದಿಲ್ಲ. ಕಾವಲಿಯ ಅಚ್ಚನ್ನೇ ಬದಲಿಸಿ ಬೇರೆ ಸರಕು ಮಾಡಿದ ಮೇಲೆ ಹಳೆಯ ಪುಟದಲ್ಲೇ ಮಾರಿ ಹಳೆಯ ನಕ್ಷತ್ರಗಳ ಲಾಭ ಪಡೆಯುವಂತಿಲ್ಲ, ಹೊಸ ಪುಟ ತೆರೆಯಬೇಕು. ಮಾರುವವರೇ ಗಿರಾಕಿಯ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು ಭಾರತದ 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ವಿವರದಲ್ಲಿ ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ವಾಪಸು ಪಡೆಯಲು ನಿರಾಕರಿಸುವಂತಿಲ್ಲ ಎಂಬುದೂ ಅದೇ ನಿಯಮಗಳಲ್ಲಿದೆ. ‘ಅಂಟುವುದಿಲ್ಲ’ ಎಂಬ ಒಂದು ಪದ ಎಷ್ಟು ದುಬಾರಿಯಾಗಬಲ್ಲದೆಂದು ಇದರಿಂದಲೇ ತಿಳಿಯುತ್ತದೆ.